ಬೋರಿಂಗ್ ನೀರಿನ ಕಾಲ: ಫ್ಲೋರೈಡು ನಮ್ಮ ಊರುಗಳಿಗೆ ಬಂದ ಕಥೆ

ವಿಜಯಪುರದಿಂದ ಬಬಲೇಶ್ವರದ ಕಡೆ ಹೊರಟರೆ ಸಾರವಾಡದ ಹತ್ತಿರ ಡೋಣಿ ಸಿಗುತ್ತದೆ. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಹೊಳೆಯ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದದ್ದು. ಆದರೆ ಹೊಳೆಯ ನೀರು ಸವಳು. ದಂಡೆಯ ಮೇಲೇ ಇದ್ದರೂ ಡೋಣಿ ಸೀಮೆಯ ಜನ ಕುಡಿಯುವ ನೀರಿಗಾಗಿ ಬೇರೆ ಕಡೆ ನೋಡಬೇಕಾಗಿತ್ತು. ಯಾವ ಬಾವಿಯದು ಸಿಹಿ, ಯಾವುದು ಸವಳು, ಯಾವುದರಲ್ಲಿ ಬೇಳೆ ಬೇಯುವುದಿಲ್ಲ ಎಂಬ ಲೆಕ್ಕ ಮನೆಯ ಹೆಣ್ಣುಮಕ್ಕಳಿಗೆ ಬಾಯಿಪಾಠವಾಗಿರುತ್ತಿತ್ತು. ನೀರಿನ ಪರೀಕ್ಷೆ ನಡೆಯುತ್ತಿದ್ದದ್ದು ನಾಲಿಗೆಯ ಮೇಲೆ. ಈ ಪರೀಕ್ಷೆ ನೂರಾರು ವರ್ಷ ಕೆಲಸಕ್ಕೆ ಬಂತು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕೈಕೊಟ್ಟಿತು, ಏಕೆಂದರೆ ಆಗ ನೀರಿನಲ್ಲಿ ಬಂದದ್ದಕ್ಕೆ ರುಚಿ, ಬಣ್ಣ, ವಾಸನೆ ಯಾವುದೂ ಇರಲಿಲ್ಲ.

ಬೋರಿಂಗ್ ಬರುವ ಮೊದಲು ಏನಿತ್ತು ಎಂಬುದನ್ನು ಮರೆತು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಉತ್ತರ ಕರ್ನಾಟಕದ ಒಣಸೀಮೆಯಲ್ಲಿ ಮೆಟ್ಟಿಲುಬಾವಿ, ಕೆರೆ, ಹಳ್ಳದ ವರತೆಗಳೇ ನೀರಿನ ಆಸರೆ. ಜನ ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದರು. ನಾರುಹುಣ್ಣಿನ ಹುಳು ಬದುಕುತ್ತಿದ್ದದ್ದು ಇದೇ ಪದ್ಧತಿಯಿಂದ. ನೀರಿನೊಳಗಿನ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಯೊಂದರ ಹೊಟ್ಟೆಯಲ್ಲಿ ಅದರ ಮರಿ ಇರುತ್ತಿತ್ತು. ಆ ನೀರು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದ ಹುಳು ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತಿತ್ತು. ಉರಿ ತಾಳದೆ ರೋಗಿ ಬಾವಿಯ ನೀರಿನಲ್ಲಿ ಕಾಲಿಟ್ಟರೆ ಮತ್ತೆ ಸಾವಿರಾರು ಮರಿಗಳು ನೀರಿಗೆ ಸೇರುತ್ತಿದ್ದವು. ಗಜದುದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರಗೆಳೆಯುವುದು ಬಿಟ್ಟರೆ ಬೇರೆ ಚಿಕಿತ್ಸೆ ಇರಲಿಲ್ಲ. ಇದರ ಜೊತೆಗೆ ಕಾಲರಾ, ವಾಂತಿಭೇದಿ.

ಈ ರೋಗಗಳಿಗೆಲ್ಲ ಒಂದೇ ಉತ್ತರವೆಂದು ಕೊಳವೆಬಾವಿ ಬಂತು. 1960ರ ದಶಕದ ಬರಗಾಲ, ಅದರ ಹಿಂದೆಯೇ 1972ರ ಭೀಕರ ಬರ ದಖ್ಖನಿನ ಬಾವಿಗಳನ್ನು ಒಣಗಿಸಿದ್ದವು. ಗಾಳಿಯ ಒತ್ತಡದಿಂದ ಕಲ್ಲನ್ನು ಕುಟ್ಟಿ ಕೊರೆಯುವ ರಿಗ್ ಯಂತ್ರಗಳನ್ನು ಯುನಿಸೆಫ್ ತರಿಸಿಕೊಟ್ಟಿತು. ತಿಂಗಳುಗಟ್ಟಲೆ ಅಗೆದರೂ ಜಗ್ಗದ ಕರಿಕಲ್ಲಿನಲ್ಲಿ ಒಂದೆರಡು ದಿನಕ್ಕೆ ನೀರು ಕಾಣತೊಡಗಿತು. ಆದರೆ ಆಗಿನ ಬೀಡುಕಬ್ಬಿಣದ ಕೈಪಂಪುಗಳು ಇಡೀ ಊರು ಜಗ್ಗಿದರೆ ಕೆಲವೇ ದಿನಗಳಲ್ಲಿ ಮುರಿದು ಬೀಳುತ್ತಿದ್ದವು. ತಾಳಿಕೆಯ ಪಂಪು ಬಂದದ್ದು ನಮ್ಮ ಮಗ್ಗುಲ ಸೋಲಾಪುರದಿಂದ. ಅಲ್ಲಿ ತಯಾರಾದ ಉಕ್ಕಿನ ಪಂಪನ್ನೇ ಸುಧಾರಿಸಿ 1970ರ ದಶಕದ ಕೊನೆಯಲ್ಲಿ ‘ಇಂಡಿಯಾ ಮಾರ್ಕ್ 2’ ಮಾಡಿದರು. ಇವತ್ತಿಗೂ ನಮ್ಮ ಊರುಗಳ ಗುಡಿ ಮುಂದೆ, ಶಾಲೆ ಮಗ್ಗುಲಲ್ಲಿ ನಿಂತಿರುವ ಬೋರಿಂಗ್ ಅದೇ.

ಮೆಟ್ಟಿಲುಬಾವಿಗಳು ಮುಚ್ಚಿದವು, ಇಲ್ಲವೆ ಜನ ನೀರಿಗೆ ಇಳಿಯದಂತೆ ಕಟ್ಟೆ ಕಟ್ಟಿಸಿಕೊಂಡವು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ನಾರುಹುಣ್ಣು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಭಾರತದ ಆರೋಗ್ಯ ಇಲಾಖೆಗಳು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಆದರೆ ಬೋರಿಂಗ್ ನೀರಿನಲ್ಲಿ ರೋಗಾಣು ಇದೆಯೇ ಎಂದು ನೋಡಿದಷ್ಟು ಕಾಳಜಿಯಿಂದ ಅದರಲ್ಲಿ ಕರಗಿದ ಖನಿಜ ಯಾವುದು ಎಂದು ಯಾರೂ ನೋಡಲಿಲ್ಲ. ನೋಡಬೇಕಾಗಿತ್ತು ಎಂಬುದಕ್ಕೆ ಬೋರಿಂಗ್ ಬರುವ ಮೂರು–ನಾಲ್ಕು ದಶಕ ಮೊದಲೇ ಪುರಾವೆ ಇತ್ತು.

ಆ ಪುರಾವೆ ಶುರುವಾಗುವುದು ಅಮೆರಿಕದಲ್ಲಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ದವಾಖಾನೆ ತೆರೆದ. ಊರವರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಲೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಇಲ್ಲವೇ ಇಲ್ಲ. ಆ ಕಾಲದ ಪ್ರಸಿದ್ಧ ದಂತವಿಜ್ಞಾನಿ ಜಿ.ವಿ. ಬ್ಲ್ಯಾಕ್ 1909ರಲ್ಲಿ ಬಂದು ಮೆಕೇ ಜೊತೆ ಸೇರಿದ. ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ದಂತಕವಚ ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರಲ್ಲಿ ಸೇರಿಕೊಂಡ ದೋಷ ಎಂದು ಇಬ್ಬರೂ ತೋರಿಸಿದರು. ಅವರಿಗೆ ಇನ್ನೊಂದು ಸಂಗತಿಯೂ ಕಂಡಿತು: ಕಲೆಯಾದ ಈ ಹಲ್ಲುಗಳಿಗೆ ಹುಳುಕು ಅಷ್ಟಾಗಿ ಹತ್ತುತ್ತಿರಲಿಲ್ಲ.

ಕಾರಣ ನೀರಿನಲ್ಲಿದೆ ಎಂಬ ಅನುಮಾನ ಮೆಕೇಗೆ ಮೊದಲಿನಿಂದ ಇತ್ತು. 1923ರಲ್ಲಿ ಐಡಾಹೊದ ಓಕ್ಲಿ ಎಂಬ ಊರಿನ ತಾಯಂದಿರು ಅವನನ್ನು ಕರೆಸಿದರು. ದೂರದ ಬಿಸಿನೀರಿನ ಬುಗ್ಗೆಯಿಂದ ಹೊಸ ಪೈಪು ಹಾಕಿಸಿಕೊಂಡ ಮೇಲೆ ಅವರ ಮಕ್ಕಳ ಹಲ್ಲಿಗೆ ಕಲೆ ಬರತೊಡಗಿತ್ತು. ಆ ನೀರು ಬಿಡಿ ಎಂದ ಮೆಕೇ. ಊರವರು ಬೇರೆ ನೀರು ತಂದರು, ಮುಂದಿನ ಮಕ್ಕಳ ಹಲ್ಲು ಬೆಳ್ಳಗೆ ಬಂದವು. ನೀರಿನಲ್ಲಿ ಏನಿದೆ ಎಂಬುದು ಮಾತ್ರ ತಿಳಿಯಲಿಲ್ಲ, ಏಕೆಂದರೆ ಅಂದಿನ ಪ್ರಯೋಗಾಲಯಗಳು ಫ್ಲೋರೈಡನ್ನು ಹುಡುಕುತ್ತಲೇ ಇರಲಿಲ್ಲ. ಆರ್ಕನ್ಸಾದ ಬಾಕ್ಸೈಟ್ ಎಂಬ ಗಣಿಯೂರಿನ ಮಕ್ಕಳಲ್ಲೂ ಇದೇ ಕಲೆ ಸಿಕ್ಕಿತು. ಆ ಊರು ಅಲ್ಕೋವಾ ಅಲ್ಯುಮಿನಿಯಂ ಕಂಪನಿಯದು. ಅಲ್ಯುಮಿನಿಯಂ ಪಾತ್ರೆಯೇ ವಿಷವೆಂಬ ಮಾತು ಹಬ್ಬುವುದೆಂಬ ಅಳುಕಿದ್ದ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಚರ್ಚಿಲ್, 1931ರಲ್ಲಿ ಆ ನೀರನ್ನು ಅತಿ ಸೂಕ್ಷ್ಮವಾಗಿ ಪರೀಕ್ಷಿಸಿದ. ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡು ಸಿಕ್ಕಿತು. ಮೂವತ್ತು ವರ್ಷದ ಹುಡುಕಾಟ ಅಲ್ಲಿಗೆ ಮುಗಿಯಿತು.

ಮುಂದಿನ ಹತ್ತು ವರ್ಷ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಟ್ರೆಂಡ್ಲಿ ಡೀನ್ ಊರೂರು ಸುತ್ತಿ ಮಕ್ಕಳ ಬಾಯಿ ನೋಡಿದ. ಇಪ್ಪತ್ತೊಂದು ಪಟ್ಟಣಗಳ ಏಳು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಕೂಡಿಸಿದಾಗ ಅವನಿಗೆ ಸಿಕ್ಕ ಗೆರೆ ಇದು: ಲೀಟರಿಗೆ ಸುಮಾರು 1 ಮಿಲಿಗ್ರಾಂ ಇರುವಲ್ಲಿ ಹುಳುಕು ಸಾಕಷ್ಟು ಕಡಿಮೆ, ಕಣ್ಣಿಗೆ ಹೊಡೆಯುವ ಕಲೆಯೂ ಇಲ್ಲ. ಅದರ ಮೇಲೆ ಹೋದಂತೆ ಹುಳುಕಿನಿಂದ ಸಿಗುವ ರಕ್ಷಣೆ ಅಷ್ಟೇನೂ ಹೆಚ್ಚುವುದಿಲ್ಲ, ಕಲೆ ಮಾತ್ರ ಹೆಚ್ಚುತ್ತದೆ. ಈ ಆಧಾರದ ಮೇಲೆ 1945ರ ಜನವರಿ 25ರಂದು ಮಿಷಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನಲ್ಲಿ ನೀರಿಗೆ ಬೇಕೆಂದೇ ಫ್ಲೋರೈಡು ಬೆರೆಸಿದರು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಹಲ್ಲು ನೂರಕ್ಕೆ ಅರವತ್ತರಷ್ಟು ಇಳಿದವು. ಫ್ಲೋರೈಡು ಹಲ್ಲಿಗೆ ಒಳ್ಳೆಯದೆಂದು ಟೂತ್‌ಪೇಸ್ಟಿನ ಜಾಹೀರಾತುಗಳು ಇಂದಿಗೂ ಹೇಳುವ ಮಾತಿನ ಬೇರು ಇಲ್ಲಿದೆ. ಮಾತು ಸುಳ್ಳಲ್ಲ. ಆದರೆ ಅದು ತಂಪು ಹವೆಯ, ದಿನಕ್ಕೆ ಒಂದು ಒಂದೂವರೆ ಲೀಟರ್ ನೀರು ಕುಡಿಯುವ ಜನರ ನಡುವೆ ಅಳೆದು ಕಂಡುಕೊಂಡ ಮಾತು.

ನಮ್ಮ ದೇಶದಲ್ಲಿ ಫ್ಲೋರೈಡು ಮೊದಲು ಗುರುತಾದದ್ದು ಹಲ್ಲಿನಿಂದಲ್ಲ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಎತ್ತುಗಳು ಕೆಲವೇ ವರ್ಷ ಗಳೇವು ಎಳೆದು ಕಾಲು ಸೆಟೆದು ನಿಂತುಬಿಡುತ್ತಿದ್ದವು ಎಂದು ರೈತರು ಹೇಳುತ್ತಿದ್ದರಂತೆ. ನಡುವಯಸ್ಸಿನ ಗಂಡಸರ ಬೆನ್ನು ಬಾಗಿ ಬಿಗಿದುಕೊಳ್ಳುತ್ತಿತ್ತು, ಕುತ್ತಿಗೆ ಹೊರಳುತ್ತಿರಲಿಲ್ಲ. ಕೆಲವರಿಗೆ ಬೆನ್ನುಹುರಿ ಒತ್ತಿ ಕಾಲುಗಳೇ ಸ್ವಾಧೀನ ತಪ್ಪುತ್ತಿದ್ದವು. 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಇದು ಬಾವಿಯ ನೀರಿನ ಫ್ಲೋರೈಡು ಎಲುಬಿನಲ್ಲಿ ಕೂತು ಆಗುವ ರೋಗ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬರೆದರು. ಅಮೆರಿಕದಲ್ಲಿ ಹಲ್ಲಿನ ಅಂದಗೆಡಿಸುವ ಕಲೆಯಾಗಿ ಕಂಡದ್ದು ಇಲ್ಲಿ ದುಡಿಯುವ ಮೈಯನ್ನೇ ಮಡಚಿ ಹಾಕಿತ್ತು.

ಅದೇ ವಸ್ತು ಹಲ್ಲನ್ನು ಕಾಯುವುದೂ ಎಲುಬನ್ನು ಕೆಡಿಸುವುದೂ ಹೇಗೆ? ಹಲ್ಲು, ಎಲುಬು ಎರಡೂ ಸುಣ್ಣ ಮತ್ತು ರಂಜಕ ಸೇರಿದ ಹರಳುಗಳಿಂದ ಆದವು. ಫ್ಲೋರೈಡು ಆ ಹರಳಿನೊಳಗೆ ಜಾಗ ಹಿಡಿದರೆ ಹರಳು ಹುಳಿಗೆ ಸುಲಭವಾಗಿ ಕರಗುವುದಿಲ್ಲ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಮಾಡುವ ಹುಳಿಯನ್ನು ಹಲ್ಲಿನ ಮೇಲ್ಮೈ ಹೀಗೆ ತಡೆದುಕೊಳ್ಳುತ್ತದೆ. ಎಲುಬಿನ ಲೆಕ್ಕ ಬೇರೆ. ಎಲುಬು ಜೀವನಪೂರ್ತಿ ಕರಗುತ್ತಾ ಕಟ್ಟಿಕೊಳ್ಳುತ್ತಾ ಇರುವಂಥದ್ದು. ನೀರಿನಲ್ಲಿ ಬಂದ ಫ್ಲೋರೈಡಿನಲ್ಲಿ ಒಂದು ಪಾಲು ಮೂತ್ರದಲ್ಲಿ ಹೋದರೆ, ಉಳಿದದ್ದು ಎಲುಬಿನಲ್ಲಿ ವರ್ಷವರ್ಷ ಜಮೆಯಾಗುತ್ತದೆ. ಮಿತಿ ಮೀರಿದಾಗ ಎಲುಬು ದಪ್ಪವಾಗುತ್ತದೆ, ಆದರೆ ಪೆಡಸಾಗುತ್ತದೆ. ಸಂದುಗಳ ಸುತ್ತಲಿನ ನಾರುಗಳೂ ಎಲುಬಿನಂತೆ ಗಟ್ಟಿಯಾಗುತ್ತವೆ.

1970ರ ದಶಕದಲ್ಲಿ ಕೊಳವೆಬಾವಿಗಳು ಹಳ್ಳಿ ಸೇರುತ್ತಿದ್ದ ಹೊತ್ತಿಗೇ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯಿಂದ ಒಂದು ಎಚ್ಚರಿಕೆ ಬಂತು. ಜೋಳದ ರೊಟ್ಟಿಯ ನಾಡಿನವರು ಇದನ್ನು ನಿಧಾನವಾಗಿ ಓದಬೇಕು. ನಲ್ಗೊಂಡ ಜಿಲ್ಲೆಯಲ್ಲಿ ಎಳೆಯ ಹುಡುಗರ ಮೊಣಕಾಲುಗಳು ಒಳಕ್ಕೆ ತಿರುಗಿ ಒಂದಕ್ಕೊಂದು ಬಡಿಯುತ್ತಿದ್ದವು. ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಇದನ್ನು 1973ರಲ್ಲಿ ವರದಿ ಮಾಡಿದರು. ನೆಲ್ಲೂರಿನಲ್ಲಿ ನಡುವಯಸ್ಸಿನವರಿಗೆ ಬಂದದ್ದು ಇಲ್ಲಿ ಮಕ್ಕಳಿಗೆ ಬಂದಿತ್ತು, ಅದೂ ಹೆಚ್ಚಾಗಿ ಜೋಳ ಉಣ್ಣುವ ಮನೆಗಳಲ್ಲಿ. 1977ರಲ್ಲಿ ಅದೇ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ ಅಕ್ಕಿಯ ಊಟ ಮತ್ತು ಜೋಳದ ಊಟ ಮಾಡುವವರನ್ನು ಹೋಲಿಸಿ ನೋಡಿದಾಗ, ಜೋಳದ ಊಟದಲ್ಲಿ ಮೈಯಲ್ಲಿ ಉಳಿಯುವ ಫ್ಲೋರೈಡು ಹೆಚ್ಚು ಎಂದು ಕಂಡಿತು. ಹಾಗೆಂದು ಜೋಳ ಬಿಡಬೇಕಿಲ್ಲ. ಒಳ್ಳೆಯ ನೀರಿದ್ದಲ್ಲಿ ಜೋಳದಿಂದ ಯಾವ ಕೇಡೂ ಇಲ್ಲ. ಆದರೆ ಅಕ್ಕಿ ಉಣ್ಣುವ ಊರಿಗೆ ಸಾಕಾಗುವ ಮಿತಿ ನಮ್ಮ ಊರಿಗೆ ಸಾಕಾಗದೆ ಹೋಗಬಹುದು.

ಆ ಮಿತಿಯನ್ನೇ ವಿಜಯಪುರದ ಬೇಸಿಗೆಯಲ್ಲಿ ಇಟ್ಟು ನೋಡೋಣ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ದಿನಕ್ಕೆ ಎಲ್ಲ ಮೂಲಗಳಿಂದ ಒಟ್ಟು 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಅಪಾಯದ ಸೂಚನೆ, 14 ಮುಟ್ಟಿದರೆ ಅಪಾಯ ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವಿಮರ್ಶೆ ಹೇಳುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಐದು ಲೀಟರ್ ನೀರು ಕುಡಿದಳೆನ್ನಿ. ಅನ್ನ, ಬೇಳೆ, ಚಹಾದಲ್ಲಿ ಇನ್ನೊಂದು ಲೀಟರ್ ಹೊಟ್ಟೆಗೆ ಹೋಗುತ್ತದೆ. ಅವಳ ಊರಿನ ಬೋರಿನಲ್ಲಿ 2.5 ಮಿಲಿಗ್ರಾಂ ಇದ್ದರೆ ದಿನಕ್ಕೆ 15 ಮಿಲಿಗ್ರಾಂ ಆಯಿತು. ಬೋರಿನಲ್ಲಿ 1.5 ಇದ್ದರೂ 9 ಆಗುತ್ತದೆ. ಕಾಗದದ ಮೇಲೆ ಪಾಸಾದ ನೀರೇ ಅವಳನ್ನು ಸೂಚನೆಯ ಗೆರೆ ದಾಟಿಸಿತು. ಬಿಸಿಲಿನ ಊರಿನವರು ಹೆಚ್ಚು ನೀರು ಕುಡಿಯುತ್ತಾರೆ, ಅವರಿಗೆ ಮಿತಿ ಇನ್ನೂ ಕೆಳಗಿರಬೇಕು ಎಂಬುದನ್ನು ಅಮೆರಿಕದವರೇ 1950ರ ದಶಕದಲ್ಲಿ ಗುರುತಿಸಿದ್ದರು. ಅವರ ಈಗಿನ ಶಿಫಾರಸು ಎಲ್ಲ ಊರಿಗೂ 0.7.

ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಫ್ಲೋರೈಡು ಮಿತಿ ಮೀರಿದ ತಾಣಗಳಿರುವ ಕರ್ನಾಟಕದ ಜಿಲ್ಲೆಗಳಲ್ಲಿ ವಿಜಯಪುರವೂ ಇದೆ. ಜಿಲ್ಲೆಯ ಬಹುಭಾಗ ಕರಿಕಲ್ಲಿನ ನೆಲ, ಮುದ್ದೇಬಿಹಾಳದ ಕಡೆ ಗ್ರಾನೈಟು ಬರುತ್ತದೆ. ಫ್ಲೋರೈಡು ಇರುವ ಖನಿಜಗಳು ಗ್ರಾನೈಟಿನಲ್ಲಿ ಹೆಚ್ಚು. ಆದರೆ ಕಲ್ಲು ನೋಡಿಯೇ ತೀರ್ಪು ಹೇಳಲಾಗದು. ನೀರು ಕಲ್ಲಿನ ಬಿರುಕಿನಲ್ಲಿ ಎಷ್ಟು ಕಾಲ ನಿಂತಿತ್ತು, ಅದರಲ್ಲಿ ಸೋಡಾ ಅಂಶ ಎಷ್ಟು, ಸುಣ್ಣದ ಅಂಶ ಎಷ್ಟು ಎಂಬುದರ ಮೇಲೆ ಫ್ಲೋರೈಡು ನಿಂತಿದೆ. ಸುಣ್ಣ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಸುಣ್ಣ ಕಡಿಮೆಯಿದ್ದು ಸೋಡಾ ಹೆಚ್ಚಿದ್ದರೆ ಫ್ಲೋರೈಡು ನೀರಿನಲ್ಲೇ ಉಳಿಯುತ್ತದೆ. ನಾಲಿಗೆಯ ಪರೀಕ್ಷೆ ಮೋಸ ಹೋದದ್ದು ಇಲ್ಲೇ: ಸುಣ್ಣ ಕಡಿಮೆಯಿರುವ ಮೆದು ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆಯಾಗುತ್ತದೆ. ಒಳ್ಳೆಯ ನೀರೆಂದು ಊರು ಆರಿಸಿಕೊಳ್ಳುವುದು ಅನೇಕ ವೇಳೆ ಇಂಥದ್ದನ್ನೇ. ತೋಟಗಳಿಗೆಂದು ಬೋರುಗಳು ಆಳಕ್ಕೆ ಇಳಿದ ಹಾಗೆ, ಬಹಳ ಕಾಲ ಕಲ್ಲಿನೊಳಗೆ ನಿಂತ ನೀರು ಮೇಲೆ ಬರತೊಡಗಿತು. ಒಂದೇ ಊರಿನ ಎರಡು ಬೋರುಗಳ ನಡುವೆ ಅಜಗಜಾಂತರ ಇರುವುದುಂಟು.

ಗುರುತಿಸುವುದು ಕಷ್ಟವಲ್ಲ. ಮಗು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳ ಕವಚ ಒಸಡಿನೊಳಗೆ ತಯಾರಾಗುತ್ತದೆ. ಆ ಅವಧಿಯಲ್ಲಿ ಕುಡಿದ ನೀರಿನ ದಾಖಲೆ ಹಲ್ಲಿನಲ್ಲಿ ಉಳಿಯುತ್ತದೆ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ, ಅಡ್ಡಗೆರೆಯಾಗಿ, ಸುಣ್ಣದಂಥ ಬಿಳುಪು ಅಥವಾ ಕಂದು ಪಟ್ಟಿ ಬಿದ್ದಿದ್ದರೆ, ತಿಕ್ಕಿದರೂ ಹೋಗದಿದ್ದರೆ ನೀರಿನ ಮೇಲೆ ಅನುಮಾನ ಪಡಬೇಕು. ತಂಬಾಕು, ಗುಟ್ಕಾದ ಕಲೆ ಒಸಡಿನ ಅಂಚಿಗೆ, ಹಲ್ಲುಗಳ ಸಂದಿಗೆ ಹತ್ತುತ್ತದೆ, ಕೆರೆದರೆ ಏಳುತ್ತದೆ. ದೊಡ್ಡವರಲ್ಲಿ ವೈದ್ಯರು ಮೂರು ಚಲನೆ ಮಾಡಿಸುತ್ತಾರೆ: ಮೊಣಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ಮುಟ್ಟಿಸುವುದು, ಎರಡೂ ಕೈ ತಲೆಯ ಹಿಂದೆ ಕಟ್ಟುವುದು. ಆಗದಿದ್ದರೆ ಮುಂಗೈ ಎಕ್ಸ್‌ರೇ ತೆಗೆದು, ಎರಡು ಎಲುಬಿನ ನಡುವಿನ ಪೊರೆ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಸೊಟ್ಟಗಾದ ಕಾಲೆಲ್ಲ ಫ್ಲೋರೈಡಿನದೇ ಎನ್ನುವಂತಿಲ್ಲ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮೊಣಕಾಲುಗಳನ್ನೇ ಹಿಡಿಯುತ್ತಿತ್ತು. ಪೋಷಣೆ ಸಂಸ್ಥೆಯವರೇ ಅದನ್ನೂ ತನಿಖೆ ಮಾಡಿದರು. ಅದು ವಂಶದಲ್ಲಿ ಹರಿದುಬರುವ ಬೇರೆಯೇ ರೋಗವಾಗಿತ್ತು.

ನೀರಿನಿಂದ ಫ್ಲೋರೈಡು ತೆಗೆಯುವ ಯತ್ನಗಳಿಗೂ ಐವತ್ತು ವರ್ಷದ ಚರಿತ್ರೆ ಇದೆ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನ ಸರಳವಾದದ್ದು: ನೀರಿಗೆ ಸುಣ್ಣ, ಬ್ಲೀಚಿಂಗ್ ಪುಡಿ, ಪಟಕ ಹಾಕಿ ಚೆನ್ನಾಗಿ ಕಲಕಬೇಕು. ಪಟಕದ ಅಲ್ಯುಮಿನಿಯಂ ಫ್ಲೋರೈಡನ್ನು ಹಿಡಿದು ಹತ್ತಿಯ ಎಳೆಯಂತೆ ಗರಣೆಗಟ್ಟುತ್ತದೆ. ಒಂದು ಗಂಟೆ ಬಿಟ್ಟು ಮೇಲಿನ ತಿಳಿನೀರು ತೆಗೆದುಕೊಳ್ಳಬೇಕು. ಆದರೆ ಪಟಕದ ಅಳತೆ ಪ್ರತಿ ಬಾವಿಗೂ ಬೇರೆ. ದಿನವೂ ಕಲಕಬೇಕು, ಗಸಿಯನ್ನು ದೂರ ಚೆಲ್ಲಬೇಕು. ಈ ದಿನದಿನದ ಕೆಲಸ ಮಾಡುವವರು ಯಾರು ಎಂಬಲ್ಲಿ ಹಳ್ಳಿಯ ಘಟಕಗಳು ನಿಂತುಹೋದವು. 2013ರ ನಂತರ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕಗಳು ರಾಜ್ಯದ ಹಳ್ಳಿಗಳಲ್ಲೆಲ್ಲ ಎದ್ದವು. ಅವುಗಳ ಪೊರೆ ಫ್ಲೋರೈಡನ್ನು ಚೆನ್ನಾಗಿಯೇ ತಡೆಯುತ್ತದೆ, ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಪೊರೆ ಹಳತಾದರೂ ಯಂತ್ರ ನೀರು ಕೊಡುತ್ತಲೇ ಇರುತ್ತದೆ, ಕುಡಿಯುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ಮನೆಯಲ್ಲಿ ನೀರು ಕಾಯಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ನನ್ನ ತೀರ್ಮಾನದಲ್ಲಿ ನಿಜವಾದ ಪರಿಹಾರ ಬಂದದ್ದು ಹೊಳೆಯ ನೀರಿನಿಂದ. ಆಲಮಟ್ಟಿ ತುಂಬಿದ ಮೇಲೆ ಕೃಷ್ಣೆಯ ನೀರು ಬಹುಗ್ರಾಮ ಯೋಜನೆಗಳ ಪೈಪಿನಲ್ಲಿ ಬರತೊಡಗಿತು. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಒಣಗಿದ್ದ ಕೆರೆಗಳನ್ನು ತುಂಬಿಸಿದವು. ಮಳೆಯ ನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ, ಹರಿಯುವ ಹೊಳೆಯಲ್ಲೂ ಸಾಮಾನ್ಯವಾಗಿ ಅಲ್ಪ. ಆದರೆ ಎಲುಬಿನಲ್ಲಿ ಆಗಲೇ ಕೂತದ್ದನ್ನು ಇಳಿಸುವ ಔಷಧಿ ಇಲ್ಲ. ನೀರು ಬದಲಿಸಿ, ಹಾಲು, ಮಜ್ಜಿಗೆ, ಸೊಪ್ಪು, ಲಿಂಬೆ, ನೆಲ್ಲಿ ಸಾಕಷ್ಟು ಕೊಟ್ಟರೆ ಆರಂಭದ ನೋವು ತಗ್ಗುತ್ತದೆ. ಬಿಗಿದುಕೊಂಡ ಬೆನ್ನು ಮತ್ತೆ ಸಡಿಲಾಗುವುದಿಲ್ಲ.

ಹೊಳೆಯ ನೀರು ಬಂದಲ್ಲಿ ಹುಳುಕು ಹೆಚ್ಚೀತು ಎಂದು ಅಂಜಬೇಕಿಲ್ಲ. ಫ್ಲೋರೈಡು ಹಲ್ಲನ್ನು ಕಾಯುವುದು ಬಹುಪಾಲು ಹಲ್ಲಿನ ಮೇಲ್ಮೈಗೆ ತಗಲುವುದರಿಂದಲೇ ಎಂದು ಈಗ ತಿಳಿದಿದೆ, ನುಂಗಬೇಕಾದ ಅಗತ್ಯವಿಲ್ಲ. ಫ್ಲೋರೈಡು ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಿ ಉಗಿದರೆ ಆ ರಕ್ಷಣೆ ಸಿಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದ ಹಾಗೆ ದೊಡ್ಡವರು ಪಕ್ಕದಲ್ಲಿ ನಿಲ್ಲಬೇಕು. ಬೋರಿನ ನೀರನ್ನೇ ಕುಡಿಯುವ ಊರಿನಲ್ಲಿ ಮಗುವಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿ ಆರಿಸುವುದು ಒಳ್ಳೆಯದು.

ಬೇಸಿಗೆಯಲ್ಲಿ ನಲ್ಲಿ ನಿಂತಾಗ, ಪೈಪು ಒಡೆದಾಗ ನಾವೆಲ್ಲ ಮತ್ತೆ ಬೋರಿಂಗಿಗೇ ಹೋಗುತ್ತೇವೆ. ಹಾಗಾಗಿ ಪಂಚಾಯ್ತಿಯವರಲ್ಲಿ ನನ್ನದೊಂದು ಕೇಳಿಕೆ. ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ಫ್ಲೋರೈಡಿನ ದ್ರಾವಣವೂ ಇರುತ್ತದೆ. ನಸುಗೆಂಪು ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡು ಹೆಚ್ಚೆಂದು ಅರ್ಥ. ಊರಿನ ಪ್ರತಿ ಬೋರನ್ನೂ ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಹೀಗೆ ನೋಡಿ, ಅನುಮಾನ ಬಂದದ್ದನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿರಿ. ಬಂದ ಅಂಕಿಯನ್ನು ಆ ಬೋರಿನ ಕಟ್ಟೆಯ ಮೇಲೆಯೇ ಬರೆಸಿರಿ. ಮಿತಿ ಮೀರಿದ್ದರೆ ಬಳಸಲಿಕ್ಕೆ ಮಾತ್ರ, ಕುಡಿಯಲಿಕ್ಕೂ ಅಡುಗೆಗೂ ಬೇಡ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿರಿ. ಶಾಲೆಯ ಮತ್ತು ಅಂಗನವಾಡಿಯ ಬೋರಿನಿಂದ ಈ ಕೆಲಸ ಶುರುವಾಗಲಿ.